ತಡವಾದ ಉತ್ತರಕ್ಕೆ ಒಂದು ಸಾಲಿನ ಕ್ಷಮೆ: ಜರ್ಮನ್ ಕಚೇರಿ ಚಾಟಿನ ರೀತಿ

ಜರ್ಮನಿಯ ಕಚೇರಿಗಳ ಚಾಟಿನಲ್ಲಿ ಒಂದೆರಡು ದಿನ ತಡವಾಗಿ ಬರುವ ಉತ್ತರಕ್ಕೆ ರೂಢಿಯಿಂದ ಬಂದ ಒಂದು ಆಕಾರವಿದೆ. ಮೊದಲು ತೀರ ಚಿಕ್ಕದೊಂದು ಕ್ಷಮೆ: 'ಸಾರಿ ಫ್ಯೂರ್ ಡೀ ಶ್ಪೇಟೆ ಆಂಟ್‌ವೋರ್ಟ್', ಅಂದರೆ ಉತ್ತರ ತಡವಾಯಿತು, ಸಾರಿ. ಬೆನ್ನಿಗೇ ಕೇಳಿದ ಪ್ರಶ್ನೆಗೆ ಉತ್ತರ. ಕೆಲಸ ಇನ್ನೂ ಬಾಕಿಯಿದ್ದರೆ ಅದು ಮುಗಿಯುವ ದಿನ ಮತ್ತು ಗಂಟೆ. ಅಷ್ಟೇ. ತಡ ಏಕಾಯಿತು ಎಂಬ ಕಥೆ ಬಹುಪಾಲು ಇರುವುದೇ ಇಲ್ಲ. ಇದ್ದರೂ ಅರ್ಧ ಸಾಲು ದಾಟುವುದಿಲ್ಲ. ಓದಿದವರು 'ಕೈನ್ ಪ್ರೊಬ್ಲೇಮ್' ಎಂದೋ 'ಆಲೆಸ್ ಗೂಟ್' ಎಂದೋ ಬರೆದು, ಪರವಾಗಿಲ್ಲ ಎಂಬಷ್ಟರಲ್ಲಿ ಮುಗಿಸಿ, ಮುಂದಿನ ಕೆಲಸಕ್ಕೆ ಹೋಗುತ್ತಾರೆ.

ಈ ರೀತಿ ಕನ್ನಡಿಗರಿಗೆ ದೂರದ ಸಂಗತಿಯೇನಲ್ಲ. ಮರ್ಸಿಡಿಸ್-ಬೆಂಝ್ ತನ್ನ ಸಂಶೋಧನಾ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆದದ್ದು 1996ರಲ್ಲಿ, ಎಸ್‌ಎಪಿ ತನ್ನ ಲ್ಯಾಬ್ಸ್ ಆರಂಭಿಸಿದ್ದು 1998ರಲ್ಲಿ. ಬಾಷ್ ಇಲ್ಲಿ ಅದಕ್ಕೂ ಬಹಳ ಹಿಂದಿನಿಂದ ಇದೆ. ಇಂಥ ಕಂಪನಿಗಳಲ್ಲಿಯೂ ಅವುಗಳಿಗೆ ಬಿಡಿಭಾಗ ಅಥವಾ ಸಾಫ್ಟ್‌ವೇರ್ ಒದಗಿಸುವ ಸಣ್ಣ ಕಂಪನಿಗಳಲ್ಲಿಯೂ ಕೆಲಸ ಮಾಡುವವರು ದಿನವೂ ಸ್ಟುಟ್‌ಗಾರ್ಟ್, ಮ್ಯೂನಿಕ್, ವಾಲ್ಡೋರ್ಫ್‌ಗಳ ಜನರೊಂದಿಗೆ ಟೀಮ್ಸ್‌ನಲ್ಲಿ ಮಾತಾಡುತ್ತಾರೆ. ಅಲ್ಲಿಯೇ ಎರಡು ರೂಢಿಗಳು ಎದುರಾಗುತ್ತವೆ. ಕಾರಣ ಹೇಳದೆ ಬರಿ 'ಸಾರಿ' ಎಂದುಬಿಟ್ಟರೆ ನಮ್ಮ ಕಡೆ ಅದು ಉಡಾಫೆಯಂತೆ ಕೇಳುತ್ತದೆ. ನಿಮ್ಮನ್ನು ಕಡೆಗಣಿಸಲಿಲ್ಲ, ನಿಜವಾಗಿಯೂ ಕೈಕಟ್ಟಿತ್ತು ಎಂದು ತಿಳಿಸುವುದು ಎದುರಿನವರಿಗೆ ಕೊಡುವ ಮರ್ಯಾದೆಯ ಭಾಗ. ಹಾಗಾಗಿ ಜ್ವರ, ನೆಟ್‌ವರ್ಕು, ಮನೆಗೆ ಬಂದ ನೆಂಟರು, ಮೇಲಧಿಕಾರಿ ಹೇರಿದ ಬೇರೆ ಕೆಲಸ ಎಲ್ಲವೂ ಸಂದೇಶದೊಳಗೆ ಬಂದು ಕೂರುತ್ತವೆ. ಬರೆದವರ ಮನಸ್ಸು ಒಳ್ಳೆಯದೇ. ಆದರೆ ಅಷ್ಟುದ್ದದ ವಿವರಣೆಯನ್ನು ಜರ್ಮನ್ ಓದುಗರು ಮರ್ಯಾದೆ ಎಂದು ಓದುವುದು ಕಡಿಮೆ.

ಕ್ಷಮೆ ಕೇಳುವುದೆಂದರೆ ಒಂದೇ ಕ್ರಿಯೆಯಲ್ಲ, ಹಲವು ತುಂಡುಗಳನ್ನು ಜೋಡಿಸಿದ್ದು. ಭಾಷಾವಿಜ್ಞಾನಿಗಳಾದ ಶೋಶನಾ ಬ್ಲುಮ್-ಕುಲ್ಕಾ, ಯೂಲಿಯಾನೆ ಹೌಸ್ ಮತ್ತು ಗಾಬ್ರಿಯೆಲೆ ಕಾಸ್ಪರ್ ಅವರು ಹಲವು ಭಾಷೆಗಳ ವಿನಂತಿ ಮತ್ತು ಕ್ಷಮೆಗಳನ್ನು ಹೋಲಿಸಿ 1989ರಲ್ಲಿ ಪುಸ್ತಕವೊಂದನ್ನು ಹೊರತಂದರು. ಆ ಭಾಷೆಗಳಲ್ಲಿ ಜರ್ಮನ್ ಕೂಡ ಒಂದು. ಅವರ ವಿಂಗಡಣೆಯಲ್ಲಿ ಕ್ಷಮೆಗೆ ಐದು ದಾರಿಗಳಿವೆ. ಕ್ಷಮೆಯ ನೇರ ಮಾತು, ಕಾರಣದ ವಿವರಣೆ, ತಪ್ಪಿನ ಹೊಣೆ ಹೊರುವುದು, ಆದ ತೊಂದರೆಯನ್ನು ಸರಿಪಡಿಸುವ ಮಾತು, ಇನ್ನು ಮುಂದೆ ಹೀಗಾಗದು ಎಂಬ ಭರವಸೆ. ಎಲ್ಲ ಭಾಷೆಯವರೂ ಈ ಐದನ್ನೂ ಬಲ್ಲರು. ಯಾವ ಸಂದರ್ಭದಲ್ಲಿ ಯಾವುದಕ್ಕೆ ಭಾರ ಹೆಚ್ಚು ಎಂಬಲ್ಲಿ ವ್ಯತ್ಯಾಸ ಬರುತ್ತದೆ. ಜರ್ಮನ್ ವ್ಯವಹಾರದ ಚಾಟಿನಲ್ಲಿ ಭಾರವೆಲ್ಲ ನಾಲ್ಕನೆಯದರ ಮೇಲೆ, ಸರಿಪಡಿಸುವುದರ ಮೇಲೆ ಬೀಳುತ್ತದೆ. ಮೊದಲನೆಯದು ಎರಡು ಪದಗಳಲ್ಲಿ ಮುಗಿಯುತ್ತದೆ. ನಮ್ಮ ಸಂದೇಶಗಳು ಉದ್ದವಾಗುವುದು ಎರಡನೆಯದರಲ್ಲಿ.

ಇದರ ಹಿಂದಿನ ಮನೋಭಾವವನ್ನು ಮನಶ್ಶಾಸ್ತ್ರಜ್ಞೆ ಸಿಲ್ವಿಯಾ ಶ್ರೋಲ್-ಮಾಖ್ಲ್ ಅವರು ಜರ್ಮನ್ ಕೆಲಸದ ಸಂಸ್ಕೃತಿ ಕುರಿತ ತಮ್ಮ ಪುಸ್ತಕದಲ್ಲಿ ಬಿಡಿಸಿ ಹೇಳಿದ್ದಾರೆ. ಅವರು ಗುರುತಿಸುವ ಲಕ್ಷಣಗಳಲ್ಲಿ ಎರಡು ಇಲ್ಲಿಗೆ ನೇರವಾಗಿ ಸಲ್ಲುತ್ತವೆ. ಮೊದಲನೆಯದು, ಕೆಲಸದ ಮಾತಿನಲ್ಲಿ ವಿಷಯವೇ ಮುಂದೆ, ವ್ಯಕ್ತಿ ಹಿಂದೆ. ಎರಡನೆಯದು, ಕಚೇರಿಯ ಬದುಕಿಗೂ ಮನೆಯ ಬದುಕಿಗೂ ನಡುವೆ ಎಳೆದ ಗೆರೆ. ಮಗುವಿಗೆ ಜ್ವರ ಬಂದದ್ದನ್ನು ಪರಿಚಯವಿಲ್ಲದ ಖರೀದಿ ಅಧಿಕಾರಿಗೆ ಬರೆದಾಗ ಈ ಎರಡನ್ನೂ ಒಟ್ಟಿಗೆ ದಾಟಿದಂತಾಗುತ್ತದೆ. ವಿಷಯ ಹಿಂದೆ ಸರಿಯುತ್ತದೆ. ಓದುವವರಿಗೆ ಈಗ ಅನುಕಂಪ ತೋರಿಸುವ, 'ಮಗು ಹೇಗಿದೆ' ಎಂದು ಕೇಳುವ ಹೊಸದೊಂದು ಕೆಲಸ ಬೀಳುತ್ತದೆ. ಅವರಿಗೆ ಕರುಣೆಯಿಲ್ಲವೆಂದಲ್ಲ. ಡ್ರಾಯಿಂಗ್ ಬಗ್ಗೆ ಕೇಳಿದ ಕಡೆ ಅನುಕಂಪ ಬೇಡುವ ಮಾತು ಬಂದರೆ ಅದನ್ನು ಎಲ್ಲಿಡುವುದೆಂದು ತೋಚುವುದಿಲ್ಲ, ಅಷ್ಟೇ.

ಹಾಗಾದರೆ ತಡ ಎಂದರೆ ಎಷ್ಟು? ಇದಕ್ಕೆ ಗಡಿಯಾರವೊಂದೇ ಉತ್ತರ ಹೇಳದು. ಜರ್ಮನಿಯ ಕೆಲಸದ ಸಮಯದ ಕಾನೂನು ದಿನದ ಕೆಲಸಕ್ಕೆ 8 ಗಂಟೆಯ ಮಿತಿ ಹಾಕುತ್ತದೆ. 10 ಗಂಟೆಯವರೆಗೆ ಹಿಗ್ಗಿಸಬಹುದು, ಆದರೆ ನಿಗದಿತ ಅವಧಿಯ ಸರಾಸರಿ ಮತ್ತೆ 8ಕ್ಕೇ ಇಳಿಯಬೇಕು. ಒಂದು ದಿನದ ಕೆಲಸ ಮುಗಿದ ಮೇಲೆ ಮುಂದಿನದು ಶುರುವಾಗುವ ಮೊದಲು, ಕೆಲವು ವಲಯಗಳ ವಿನಾಯಿತಿ ಬಿಟ್ಟರೆ, ಸತತ 11 ಗಂಟೆಗಳ ವಿರಾಮ ಇರಲೇಬೇಕು. ಫೋಕ್ಸ್‌ವಾಗನ್ ಕಂಪನಿ 2011ರಲ್ಲಿಯೇ, ಒಪ್ಪಂದಕ್ಕೆ ಒಳಪಟ್ಟ ತನ್ನ ನೌಕರರ ಬ್ಲ್ಯಾಕ್‌ಬೆರಿ ಫೋನುಗಳಿಗೆ ಕೆಲಸ ಮುಗಿದ ಅರ್ಧ ಗಂಟೆಯ ನಂತರ ಇಮೇಲ್ ಹೋಗದಂತೆ ಸರ್ವರಿನಲ್ಲೇ ತಡೆ ಹಾಕಿತ್ತು. ಆದ್ದರಿಂದ ಸಂಜೆ 6ಕ್ಕೆ ಬಂದ ಸಂದೇಶಕ್ಕೆ ಮರುದಿನ ಬೆಳಗ್ಗೆ 9ಕ್ಕೆ ಉತ್ತರಿಸಿದರೆ ಅದು ತಡವೇ ಅಲ್ಲ. ಅದಕ್ಕೆ ಕ್ಷಮೆ ಕೇಳಿದರೆ ರಾತ್ರಿಯೂ ಉತ್ತರಿಸಬೇಕಿತ್ತೆಂದು ಬರೆದವರು ನಂಬಿದಂತಾಗುತ್ತದೆ, ಮತ್ತು ಎದುರಿನವರಿಗೆ ಅದು ತುಸು ಮುಜುಗರವನ್ನೇ ತರುತ್ತದೆ.

ಬೆಂಗಳೂರಿನಿಂದ ಬರೆಯುವವರಿಗೆ ಇನ್ನೊಂದು ಲೆಕ್ಕವೂ ಇದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಜರ್ಮನಿ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ಉಳಿದ ತಿಂಗಳುಗಳಲ್ಲಿ ನಾಲ್ಕೂವರೆ. ಚಳಿಗಾಲದಲ್ಲಿ ಸ್ಟುಟ್‌ಗಾರ್ಟ್‌ನ ಮಧ್ಯಾಹ್ನ 3 ಎಂದರೆ ಇಲ್ಲಿ ರಾತ್ರಿ ಏಳೂವರೆ. ಆ ಹೊತ್ತಿನ ಪ್ರಶ್ನೆಗೆ ಮರುದಿನ ಬರುವ ಉತ್ತರ ಸಹಜವಾದದ್ದೇ, ಅದು ಅವರಿಗೂ ಗೊತ್ತು. ರಜೆಗಳ ಕಥೆ ಇನ್ನೂ ಸ್ವಾರಸ್ಯದ್ದು, ಏಕೆಂದರೆ ಜರ್ಮನಿಯಲ್ಲಿ ಅವು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ನವೆಂಬರ್ 1ರಂದು ಕರ್ನಾಟಕದಲ್ಲಿ ರಾಜ್ಯೋತ್ಸವದ ರಜೆ. ಅದೇ ದಿನ ಸ್ಟುಟ್‌ಗಾರ್ಟ್ ಮತ್ತು ಮ್ಯೂನಿಕ್‌ಗಳಲ್ಲಿ ಸರ್ವಸಂತರ ಹಬ್ಬದ ರಜೆ. ಬರ್ಲಿನ್ ಮತ್ತು ಹ್ಯಾಂಬರ್ಗ್‌ನಲ್ಲಿ ಮಾತ್ರ ಅದು ಮಾಮೂಲಿ ಕೆಲಸದ ದಿನ. ಅಲ್ಲಿನವರಿಗೆ 'ನಿನ್ನೆ ಇಲ್ಲಿ ಸರ್ಕಾರಿ ರಜೆ' ಎಂಬ ಮೂರ್ನಾಲ್ಕು ಪದ ಸಾಕು. ಹಬ್ಬದ ಇತಿಹಾಸವನ್ನು ಊಟದ ಹೊತ್ತಿಗೆ ಹೇಳಬಹುದು.

'ನೋಡಿದ್ದಾರೆ, ಆದರೂ ಉತ್ತರಿಸಿಲ್ಲ' ಎಂಬ ಆತಂಕವೂ ಉದ್ದದ ವಿವರಣೆಗೆ ಒಂದು ಕಾರಣ. ಚಾಟಿನಲ್ಲಿ ಕಾಣುವ ಹಸಿರು ಚುಕ್ಕೆ, ಓದಿದ ಗುರುತು ಮುಂತಾದವನ್ನು ಸಾಕ್ಷಿಯಂತೆ ಹಿಡಿದು ಬರೆದವರು ಮೊದಲೇ ಸಮರ್ಥನೆಗೆ ಇಳಿಯುತ್ತಾರೆ. ಆದರೆ ಜರ್ಮನಿಯಲ್ಲಿ ನೌಕರರ ನಡವಳಿಕೆಯನ್ನು ಅಥವಾ ಕೆಲಸವನ್ನು ಗಮನಿಸಬಲ್ಲ ಯಾವುದೇ ತಾಂತ್ರಿಕ ಸಾಧನವನ್ನು ತರುವಾಗ, ನೌಕರರು ಚುನಾಯಿಸಿದ ಕಾರ್ಮಿಕ ಮಂಡಳಿಯ ಒಪ್ಪಿಗೆ ಬೇಕೆಂದು ಕಾನೂನು ಹೇಳುತ್ತದೆ. ಅಂಥ ಮಂಡಳಿ ಇರುವ ಕಂಪನಿಗಳಲ್ಲಿ ಈ ಗುರುತುಗಳು ಯಾವುದಕ್ಕೆ ಬಳಕೆಯಾಗಬಹುದು, ಯಾವುದಕ್ಕೆ ಆಗಬಾರದು ಎಂಬುದು ಒಪ್ಪಂದದ ವಿಷಯ. ಎಂಟು ಗಂಟೆಯೂ ಹಸಿರಾಗಿದ್ದೆ, ಆದರೂ ಮೀಟಿಂಗಿನಲ್ಲಿದ್ದೆ ಎಂದು ಲೆಕ್ಕ ಒಪ್ಪಿಸುವ ಅಗತ್ಯವನ್ನು ಯಾರೂ ನಿರೀಕ್ಷಿಸುವುದಿಲ್ಲ.

ಹೀಗೆ ಒಂದೊಂದನ್ನೇ ತೆಗೆದುಹಾಕಿದ ಮೇಲೆ ಉಳಿಯುವ ಅಳತೆ ಒಂದೇ: ಉತ್ತರ ಬಾರದ್ದರಿಂದ ಎದುರಿನವರ ಯಾವ ಕೆಲಸ ನಿಂತಿತು? ಏನೂ ನಿಂತಿಲ್ಲದಿದ್ದರೆ ಮೂರು ದಿನದ ತಡಕ್ಕೂ ಎರಡು ಪದ ಸಾಕು. ಕೆಲಸ ನಿಂತಿದ್ದರೆ ಮೂರು ಗಂಟೆಯ ತಡವೂ ಗಂಭೀರ, ಮತ್ತು ಆಗಲೂ ಅವರಿಗೆ ಬೇಕಾದದ್ದು ನಿಂತ ಕೆಲಸ ಮತ್ತೆ ಓಡುವ ದಾರಿ.

ಒಂದು ಪ್ರಸಂಗವನ್ನು ಪೂರ್ತಿಯಾಗಿ ನೋಡಬಹುದು. ಇದು ಕಲ್ಪಿತ, ಆದರೆ ಇಂಥದ್ದು ಬಿಡಿಭಾಗಗಳ ಕಂಪನಿಗಳಲ್ಲಿ ದಿನವೂ ನಡೆಯುತ್ತದೆ. ಜುಲೈನ ಒಂದು ಮಂಗಳವಾರ. ಜರ್ಮನಿಯ ಗಂಟೆ 10:40, ಬೆಂಗಳೂರಿನಲ್ಲಿ ಮಧ್ಯಾಹ್ನ 2:10. ಸ್ಟುಟ್‌ಗಾರ್ಟ್ ಬಳಿಯ ಪ್ರಾಜೆಕ್ಟ್ ಮುಖ್ಯಸ್ಥೆ ಬೆಂಗಳೂರಿನ ಡಿಸೈನ್ ಎಂಜಿನಿಯರ್‌ಗೆ ಬರೆಯುತ್ತಾರೆ: 'ತಿದ್ದಿದ ಬ್ರಾಕೆಟ್ ಡ್ರಾಯಿಂಗ್‌ಗೆ ಒಪ್ಪಿಗೆ ಕೊಡಬಹುದೆ? ನಾಳೆ ಮಧ್ಯಾಹ್ನ 12ರೊಳಗೆ ಸಿಕ್ಕರೆ ಟೂಲಿಂಗ್‌ನವರಿಗೆ ಕಳಿಸುತ್ತೇನೆ.' ಎಂಜಿನಿಯರ್ ಡ್ರಾಯಿಂಗ್ ತೆರೆಯುತ್ತಾರೆ. ಒಂದು ನೋಟದಲ್ಲಿ ರಂಧ್ರದ ವ್ಯಾಸ 8.2 ಮಿಲಿಮೀಟರ್ ಎಂದಿದೆ, ಇನ್ನೊಂದರಲ್ಲಿ 8.0. ಯಾವುದು ಸರಿ ಎಂದು ಸಹೋದ್ಯೋಗಿಯನ್ನು ಕೇಳಬೇಕು. ಆ ಸಹೋದ್ಯೋಗಿ ರಜೆಯಲ್ಲಿದ್ದಾರೆ. ಬುಧವಾರ ಬೇರೊಂದು ತುರ್ತು ಕೆಲಸ, ಸಂಜೆ ಮನೆಯಲ್ಲಿ ಮಗುವಿಗೆ ಜ್ವರ. ಉತ್ತರ ಹೊರಡುವುದು ಗುರುವಾರ, ಜರ್ಮನಿಯ ಬೆಳಗ್ಗೆ 9:05ಕ್ಕೆ.

ಮೊದಲ ಕರಡು ಹೀಗಿರುತ್ತದೆ: 'ನಮಸ್ಕಾರ, ಹೇಗಿದ್ದೀರಿ? ಉತ್ತರಿಸಲು ಇಷ್ಟು ತಡವಾದದ್ದಕ್ಕೆ ತುಂಬ ತುಂಬ ಕ್ಷಮೆ ಕೇಳುತ್ತೇನೆ. ಮಂಗಳವಾರವೇ ಉತ್ತರಿಸಬೇಕೆಂದಿದ್ದೆ, ಆದರೆ ಈ ಭಾಗ ನೋಡಿಕೊಳ್ಳುವ ಸಹೋದ್ಯೋಗಿ ರಜೆಯಲ್ಲಿದ್ದರು, ಫೋನಿಗೂ ಸಿಗಲಿಲ್ಲ. ನಿನ್ನೆ ಮ್ಯಾನೇಜರ್ ಇನ್ನೊಂದು ಪ್ರಾಜೆಕ್ಟಿನ ತುರ್ತು ಕೆಲಸ ಕೊಟ್ಟರು. ಸಂಜೆ ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ ಓಡಬೇಕಾಯಿತು. ಲ್ಯಾಪ್‌ಟಾಪ್ ಅಪ್‌ಡೇಟ್ ಬೇರೆ ಕೈಕೊಟ್ಟಿತು. ದಯವಿಟ್ಟು ತಪ್ಪು ತಿಳಿಯಬೇಡಿ. ಡ್ರಾಯಿಂಗ್‌ನಲ್ಲಿ ಸಣ್ಣದೊಂದು ಗೊಂದಲವಿದೆ, ನೋಡಿ ಆದಷ್ಟು ಬೇಗ ತಿಳಿಸುತ್ತೇನೆ.'

ಇದನ್ನು ಪ್ರಾಜೆಕ್ಟ್ ಮುಖ್ಯಸ್ಥೆ ಹೇಗೆ ಓದುತ್ತಾರೆ? ಅವರಿಗೆ ಬೇಕಿದ್ದದ್ದು ಒಪ್ಪಿಗೆ ಇದೆಯೋ ಇಲ್ಲವೋ ಎಂಬುದು. ಅದು ಕೊನೆಯ ವಾಕ್ಯದಲ್ಲಿ 'ಸಣ್ಣದೊಂದು ಗೊಂದಲ' ಎಂಬ ಮುಸುಕು ಹೊದ್ದು ಕೂತಿದೆ. ಗೊಂದಲ ಎಷ್ಟು ದೊಡ್ಡದು, ಯಾವ ಅಳತೆಯದು, ಯಾವಾಗ ಬಗೆಹರಿಯುತ್ತದೆ ಎಂಬ ಮೂರಕ್ಕೂ ಉತ್ತರವಿಲ್ಲ. 'ಆದಷ್ಟು ಬೇಗ' ಎಂಬುದನ್ನು ಟೂಲಿಂಗ್‌ನವರ ವೇಳಾಪಟ್ಟಿಯಲ್ಲಿ ಬರೆದುಕೊಳ್ಳಲಾಗುವುದಿಲ್ಲ. ಜೊತೆಗೆ ಕೊಟ್ಟ ಐದು ಕಾರಣಗಳಲ್ಲಿ ಯಾವುದು ನಿಜವಾದ ತಡೆ ಎಂಬುದೇ ಮಸುಕಾಗಿದೆ. ಒಂದು ಕಾರಣ ನಂಬಿಕೆ ಹುಟ್ಟಿಸುತ್ತದೆ. ಐದು ಸೇರಿದರೆ ಎಲ್ಲದರ ಮೇಲೂ ಅನುಮಾನ ಬರುತ್ತದೆ. ಸಹೋದ್ಯೋಗಿ ಮತ್ತು ಮ್ಯಾನೇಜರ್ ಇಬ್ಬರ ಮೇಲೂ ಹೊರಿಸಿದಂತೆ ಕೇಳುವುದು ಇನ್ನೂ ಕೆಟ್ಟದ್ದು, ಏಕೆಂದರೆ ಪ್ರಶ್ನೆ ಬಂದದ್ದು ಎಂಜಿನಿಯರ್‌ಗೆ, ಉತ್ತರದ ಹೊಣೆಯೂ ಅವರದೇ.

ತಿದ್ದಿ ಬರೆದರೆ ಸಂದೇಶ ಹೀಗಾಗುತ್ತದೆ: 'ಶುಭೋದಯ. ಸಾರಿ, ನಿನ್ನೆಯೇ ತಿಳಿಸಬೇಕಿತ್ತು. ಡ್ರಾಯಿಂಗ್‌ಗೆ ಈಗಲೇ ಒಪ್ಪಿಗೆ ಕೊಡಲಾಗದು: ರಂಧ್ರದ ವ್ಯಾಸ ಒಂದು ನೋಟದಲ್ಲಿ 8.2, ಇನ್ನೊಂದರಲ್ಲಿ 8.0. ಸರಿಪಡಿಸಿದ್ದು ಇಂದು ನಿಮ್ಮ ಸಮಯ 15 ಗಂಟೆಯೊಳಗೆ ಬರುತ್ತದೆ. ಟೂಲಿಂಗ್‌ನವರ ದಿನ ಇದರಿಂದ ತಪ್ಪಿಹೋಗುತ್ತದೆಯೇ? ಹೌದಾದರೆ ಈಗಲೇ ಫೋನ್‌ನಲ್ಲಿ ಮಾತಾಡೋಣ.'

ಇಲ್ಲಿ ಮಗುವಿನ ಜ್ವರವೂ ಇಲ್ಲ, ಲ್ಯಾಪ್‌ಟಾಪೂ ಇಲ್ಲ. ಹಾಗೆಂದು ಸಂದೇಶ ಒರಟಾಗಿಲ್ಲ. 'ನಿನ್ನೆಯೇ ತಿಳಿಸಬೇಕಿತ್ತು' ಎಂಬ ಮಾತಿನಲ್ಲಿ ಹೊಣೆ ಒಪ್ಪಿಕೊಂಡದ್ದಾಯಿತು. ಎದುರಿನವರ ನಷ್ಟವೇನೆಂದು ಕೇಳಿದ್ದೇ ಇಲ್ಲಿನ ನಿಜವಾದ ಸೌಜನ್ಯ, ಮತ್ತು ಉದ್ದದ ಕರಡಿನಲ್ಲಿ ಇಲ್ಲದೆ ಹೋದದ್ದೂ ಅದೇ. ಗಂಟೆಯನ್ನು 'ನಿಮ್ಮ ಸಮಯ' ಎಂದು ಬಿಡಿಸಿ ಹೇಳಿದ್ದರಿಂದ ಮೂರೂವರೆ ಗಂಟೆಯ ಗೊಂದಲವೂ ತಪ್ಪಿತು. ಎಂಜಿನಿಯರ್‌ಗೆ ಅದು ಸಂಜೆ ಆರೂವರೆ; ಆ ಹೊತ್ತಿಗೆ ಆಗುತ್ತದೆಂಬ ಖಾತ್ರಿಯಿಲ್ಲದಿದ್ದರೆ ಶುಕ್ರವಾರ 10 ಗಂಟೆ ಎಂದು ಬರೆಯುವುದೇ ಮೇಲು. ಜರ್ಮನ್ ಸಹೋದ್ಯೋಗಿಗಳು ತಡವಾದ ದಿನಾಂಕವನ್ನು ಸಹಿಸುತ್ತಾರೆ, ತಪ್ಪಿದ ದಿನಾಂಕವನ್ನು ನೆನಪಿಟ್ಟುಕೊಳ್ಳುತ್ತಾರೆ.

ಈ ಪ್ರಸಂಗದಲ್ಲಿ ಇನ್ನೂ ಸುಲಭದ ದಾರಿಯೊಂದಿತ್ತು. ವ್ಯಾಸದ ಗೊಂದಲ ಕಂಡದ್ದು ಮಂಗಳವಾರವೇ. ಆಗಲೇ 'ನೋಡಿದೆ. ರಂಧ್ರದ ಅಳತೆ ಖಚಿತವಾಗಬೇಕು. ಗುರುವಾರ 10ರೊಳಗೆ ಉತ್ತರಿಸುತ್ತೇನೆ' ಎಂದು ಬರೆದಿದ್ದರೆ ಗುರುವಾರದ ಉತ್ತರ ತಡವೇ ಆಗುತ್ತಿರಲಿಲ್ಲ. ಪೂರ್ತಿ ಉತ್ತರಕ್ಕೆ ಮೊದಲು ಕಳಿಸುವ ಈ ಮಧ್ಯಂತರ ಸುದ್ದಿಗೆ ಜರ್ಮನ್ ಕಚೇರಿಗಳಲ್ಲಿ 'ತ್ಸ್ವಿಶೆನ್‌ಶ್ಟಾಂಡ್' ಎನ್ನುತ್ತಾರೆ. ಉತ್ತರ ಸಿದ್ಧವಾಗದೆ ಬರೆಯುವುದು ಹೇಗೆ ಎಂಬ ಸಂಕೋಚದಿಂದ ನಮ್ಮವರು ಎರಡು ದಿನ ಸುಮ್ಮನಿರುತ್ತಾರೆ. ಆಮೇಲೆ ಆ ಮೌನವನ್ನು ವಿವರಿಸಲು ಹತ್ತು ಸಾಲು ಬರೆಯುತ್ತಾರೆ. ಅರ್ಧ ಸಿದ್ಧವಾದ ಸುದ್ದಿಗೂ ಅಲ್ಲಿ ಬೆಲೆಯಿದೆ, ಅದರಲ್ಲೊಂದು ದಿನಾಂಕ ಇರಬೇಕಷ್ಟೆ.

ಕಾರಣ ಹೇಳಲೇಬಾರದು ಎಂದಲ್ಲ. ಎದುರಿನವರ ಮುಂದಿನ ಯೋಜನೆ ಬದಲಾಗುವಂಥ ಕಾರಣವನ್ನು ಹೇಳಬೇಕು. 'ಪರೀಕ್ಷಾ ಯಂತ್ರ ಕೆಟ್ಟಿದೆ, ಸೋಮವಾರದವರೆಗೆ ಅಳತೆ ಸಾಧ್ಯವಿಲ್ಲ' ಎಂಬುದು ಕಾರಣವೂ ಹೌದು, ಮಾಹಿತಿಯೂ ಹೌದು. ಓದಿದವರು ಸೋಮವಾರದ ತನಕದ ಕೆಲಸವನ್ನು ಬೇರೆ ರೀತಿ ಹೊಂದಿಸಿಕೊಳ್ಳುತ್ತಾರೆ. 'ಈ ವಾರ ತುಂಬ ಒತ್ತಡವಿತ್ತು' ಎಂಬುದರಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ. ಒತ್ತಡ ಅವರಿಗೂ ಇದೆ. ಸಂದೇಶ ಕಣ್ತಪ್ಪಿ ಹೋಗಿದ್ದರೆ ಅದನ್ನೇ ನೇರವಾಗಿ ಹೇಳುವುದು ಅಲ್ಲಿ ಮಾಮೂಲು: 'ನಿಮ್ಮ ಸಂದೇಶ ನನ್ನ ಬಳಿ ಮುಳುಗಿಹೋಗಿತ್ತು' ಎಂಬ ಅರ್ಥದ ಸಿದ್ಧ ವಾಕ್ಯವೇ ಜರ್ಮನ್‌ನಲ್ಲಿದೆ, ಹಿರಿಯ ಅಧಿಕಾರಿಗಳೂ ಅದನ್ನು ಬಳಸುತ್ತಾರೆ. ಮರೆತೆ ಎಂದು ಒಪ್ಪಿಕೊಳ್ಳುವುದು ನಮಗೆ ಅವಮಾನ ಅನಿಸಬಹುದು. ಅಲ್ಲಿ ಅದು ನೆಟ್‌ವರ್ಕ್ ಮೇಲೆ ಹಾಕಿದ ತಪ್ಪಿಗಿಂತ ಬೇಗ ಮುಗಿದುಹೋಗುವ ಮಾತು.

ಅನಾರೋಗ್ಯದ ವಿಷಯದಲ್ಲಿ ಜರ್ಮನಿಯ ರೂಢಿಗೆ ಕಾನೂನಿನ ಬೆಂಬಲವೂ ಇದೆ. ಅಲ್ಲಿ ನೌಕರರು ಕೆಲಸಕ್ಕೆ ಬರಲಾಗದಿದ್ದಾಗ ಆ ಸಂಗತಿಯನ್ನೂ ಅಂದಾಜು ಎಷ್ಟು ದಿನ ಎಂಬುದನ್ನೂ ಮಾಲೀಕರಿಗೆ ತಕ್ಷಣ ತಿಳಿಸಬೇಕು. ಕಾಯಿಲೆ ಯಾವುದೆಂದು ಸಾಮಾನ್ಯವಾಗಿ ಹೇಳಬೇಕಾಗಿಲ್ಲ. ಮಾಲೀಕರಿಗೆ ಸಿಗುವ ವೈದ್ಯರ ಪ್ರಮಾಣಪತ್ರದಲ್ಲಿ ರೋಗದ ಹೆಸರೇ ಇರುವುದಿಲ್ಲ. 2023ರ ಜನವರಿಯಿಂದ, ಸರ್ಕಾರಿ ಆರೋಗ್ಯ ವಿಮೆಯಡಿ ಇರುವ ನೌಕರರ ಈ ಮಾಹಿತಿಯನ್ನು ಕಂಪನಿಗಳು ವಿಮಾ ಸಂಸ್ಥೆಯಿಂದಲೇ ಎಲೆಕ್ಟ್ರಾನಿಕ್ ರೂಪದಲ್ಲಿ ಪಡೆಯುತ್ತವೆ. ಸ್ವಂತ ಮಾಲೀಕರಿಗೇ ಹೇಳಬೇಕಿಲ್ಲದ ಹೊಟ್ಟೆನೋವಿನ ವಿವರವನ್ನು ಹೊರಗಿನ ಗ್ರಾಹಕರು ಚಾಟಿನಲ್ಲಿ ನಿರೀಕ್ಷಿಸುವುದು ಅಪರೂಪ. 'ಎರಡು ದಿನ ಕಚೇರಿಯಲ್ಲಿರಲಿಲ್ಲ' ಎಂದರೆ ಸಾಕು, ಏಕೆ ಎಂದು ಯಾರೂ ಕೇಳುವುದಿಲ್ಲ. ಕೇಳದಿರುವುದನ್ನು ನಮ್ಮವರು ಕೆಲವೊಮ್ಮೆ ತಣ್ಣಗಿನ ನಡವಳಿಕೆ ಎಂದುಕೊಳ್ಳುತ್ತಾರೆ. ಅಲ್ಲಿನ ಲೆಕ್ಕದಲ್ಲಿ ಅದು ಗೌರವ.

ಸಂದೇಶ ಕೆಲಸ ಮಾಡಿತೋ ಇಲ್ಲವೋ ಎಂಬುದು ಬರುವ ಮರುತ್ತರದಿಂದ ತಿಳಿಯುತ್ತದೆ. 'ಪರವಾಗಿಲ್ಲ' ಎಂದು ಬರೆದು ಮೊದಲ ಪ್ರಶ್ನೆಯನ್ನೇ ಮತ್ತೆ ಕೇಳಿದರೆ ವಿವರಣೆಯ ರಾಶಿಯಲ್ಲಿ ಉತ್ತರ ಕಳೆದುಹೋಗಿದೆ ಎಂದರ್ಥ. 'ಬಿಸ್ ವಾನ್?' ಎಂದು ಎರಡೇ ಪದ ಬಂದರೆ, ಅಂದರೆ ಯಾವಾಗಿನೊಳಗೆ ಎಂದು ಕೇಳಿದರೆ, ದಿನಾಂಕ ಬರೆದಿಲ್ಲ ಎಂದರ್ಥ. ಇದರಲ್ಲಿ ಸಿಟ್ಟು ಹುಡುಕಬೇಕಿಲ್ಲ. ಬಿಟ್ಟುಹೋದ ಒಂದೇ ಒಂದು ಸಂಗತಿಯನ್ನು ಅವರು ಕೇಳುತ್ತಿದ್ದಾರೆ. ಮರುತ್ತರ ಚಾಟಿನಲ್ಲಿ ಬರದೆ, ಮೇಲಧಿಕಾರಿಗೂ ಪ್ರತಿ ಹಾಕಿದ ಇಮೇಲಾಗಿ ಬಂದರೆ ಮಾತ್ರ ವಿಷಯ ಬೇರೆ. ನಂಬಿಕೆಯ ಮೇಲೆ ನಡೆಯುತ್ತಿದ್ದ ಮಾತು ದಾಖಲೆಗೆ ಹೋಯಿತು ಎಂಬುದರ ಸೂಚನೆ ಅದು.

ಚಿಕ್ಕದಾಗಿಸುವ ಉತ್ಸಾಹದಲ್ಲಿ ಎಡವುವುದೂ ಉಂಟು. ಚಾಟಿನಲ್ಲಿ 'ಡು' ಎಂದು ಏಕವಚನದಲ್ಲಿ ಮಾತಾಡುವ ತಂಡದೊಳಗೆ ಬರಿ 'ಸಾರಿ' ನಡೆಯುತ್ತದೆ. 'ಜೀ' ಎಂಬ ಗೌರವದ ರೂಪ ಬಳಸುವ ಗ್ರಾಹಕರಿಗೆ, ಅದರಲ್ಲೂ ಹಳೆಯ ಕುಟುಂಬದ ಕಂಪನಿಗಳ ಹಿರಿಯರಿಗೆ, ಹೆಸರಿನೊಂದಿಗೆ ವಂದನೆ ಮತ್ತು ಒಂದು ಪೂರ್ಣ ವಾಕ್ಯದ ಕ್ಷಮೆ ಬೇಕು. ಕ್ಷಮೆಯ ಬದಲು 'ತಾಳ್ಮೆಗೆ ಧನ್ಯವಾದ' ಎಂದು ಬರೆಯುವ ಜಾಣತನ ಈಚೆಗೆ ಎಲ್ಲೆಡೆ ಕಾಣುತ್ತದೆ. ಎರಡು ಸಲ ನೆನಪಿಸಿ ಬರೆದವರಿಗೆ ಅದನ್ನು ಕಳಿಸಬಾರದು. ಅವರು ತಾಳ್ಮೆಯಿಂದ ಇರಲಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಒಂದು ವಾರ ದಾಟಿದ ಮೇಲೆ ಉತ್ತರಿಸುವವರು 'ಇದು ಇನ್ನೂ ಬೇಕೇ, ಅಥವಾ ಅಷ್ಟರಲ್ಲಿ ಬಗೆಹರಿಯಿತೇ?' ಎಂದೂ ಕೇಳಬೇಕು. ಅಷ್ಟು ಹೊತ್ತಿಗೆ ಅವರು ಬೇರೆ ದಾರಿ ಹುಡುಕಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಕ್ಷಮೆಯಿಂದ ಏನೂ ಆಗದ ಜಾಗವೊಂದಿದೆ, ಅದು ಬೆಲೆ ಮತ್ತು ಒಪ್ಪಂದದ ಮಾತು. 1900ರಿಂದ ಜಾರಿಯಲ್ಲಿರುವ ಜರ್ಮನ್ ನಾಗರಿಕ ಸಂಹಿತೆ ತಡವಾದ ಉತ್ತರವನ್ನು ಕುರಿತು ಸ್ಪಷ್ಟವಾಗಿ ಹೇಳುತ್ತದೆ. ಬದ್ಧತೆಯಿಂದ ಕೊಟ್ಟ ಪ್ರಸ್ತಾಪಕ್ಕೆ ಗಡುವಿದ್ದರೆ ಅದರೊಳಗೆ ಒಪ್ಪಬೇಕು. ಗಡುವಿಲ್ಲದಿದ್ದರೆ, ಎದುರಿಗಿಲ್ಲದವರಿಗೆ ಕೊಟ್ಟ ಪ್ರಸ್ತಾಪವನ್ನು, ಸಾಮಾನ್ಯ ಸನ್ನಿವೇಶದಲ್ಲಿ ಉತ್ತರ ನಿರೀಕ್ಷಿಸಬಹುದಾದ ಕಾಲದೊಳಗೆ ಒಪ್ಪಬೇಕು. ತಡವಾಗಿ ಕೊಟ್ಟ ಒಪ್ಪಿಗೆ, ಸಂಹಿತೆಯ 150ನೇ ಕಲಮಿನ ಪ್ರಕಾರ, ಒಪ್ಪಿಗೆಯೇ ಅಲ್ಲ. ಅದೊಂದು ಹೊಸ ಪ್ರಸ್ತಾಪ. ಶುಕ್ರವಾರದವರೆಗೆ ಎಂದು ಕೊಟ್ಟ ಬೆಲೆಗೆ ಸೋಮವಾರ 'ಸಾರಿ, ತಡವಾಯಿತು, ನಮಗೆ ಒಪ್ಪಿಗೆ' ಎಂದು ಬರೆದರೆ, ಮಾರುವವರು ಮತ್ತೆ ಒಪ್ಪಿದರೆ ಮಾತ್ರ ವ್ಯಾಪಾರ ಕುದುರುತ್ತದೆ. ಅಲ್ಲಿ ತಡಕ್ಕೆ ಎಷ್ಟು ಕಾರಣ ಕೊಟ್ಟರೂ ಗಡುವು ಹಿಂದಕ್ಕೆ ಬಾರದು. ಬರೆಯಬೇಕಾದ ವಾಕ್ಯ ಬೇರೆ: 'ಶುಕ್ರವಾರದ ಗಡುವು ತಪ್ಪಿತು. ಅದೇ ಬೆಲೆ ಈಗಲೂ ಸಿಗುತ್ತದೆಯೇ?'

ಮೌನವೂ ಅಲ್ಲಿ ಕೆಲವೊಮ್ಮೆ ಉತ್ತರವಾಗಿಬಿಡುತ್ತದೆ. ವ್ಯಾಪಾರಿಗಳ ನಡುವೆ ಬಾಯಿಮಾತಿನಲ್ಲಿ ಆದ ಒಪ್ಪಂದವನ್ನು ಒಬ್ಬರು ಕೂಡಲೇ ಬರಹದಲ್ಲಿ ದೃಢಪಡಿಸಿ ಕಳಿಸಿ, ಇನ್ನೊಬ್ಬರು ವಿಳಂಬವಿಲ್ಲದೆ ಆಕ್ಷೇಪಿಸದಿದ್ದರೆ, ಸಾಮಾನ್ಯವಾಗಿ ಆ ಬರಹದಲ್ಲಿರುವಂತೆಯೇ ಒಪ್ಪಂದವಾಯಿತೆಂದು ಜರ್ಮನ್ ನ್ಯಾಯಾಲಯಗಳು ಬಹುಕಾಲದ ರೂಢಿಯಿಂದ ಒಪ್ಪಿವೆ. 'ಬಿಡುವಾದಾಗ ನೋಡಿ ಉತ್ತರಿಸೋಣ' ಎಂದು ಅಂಥ ಬರಹವನ್ನು ಪಕ್ಕಕ್ಕಿಟ್ಟವರು, ವಾರದ ನಂತರ ಎಷ್ಟು ವಿನಯದಿಂದ ಬರೆದರೂ ಬಹುಮಟ್ಟಿಗೆ ಒಪ್ಪಿಕೊಂಡಾಗಿರುತ್ತದೆ. ಗಡುವು, ದಂಡ, ಬೆಲೆ ಈ ಮೂರರಲ್ಲಿ ಒಂದು ಇದ್ದರೂ ತಡದ ಮಾತನ್ನು ಚಾಟಿನಲ್ಲಿ ಮುಗಿಸದೆ ಫೋನಿನಲ್ಲಿ ಆಡಿ, ಆಮೇಲೆ ಇಮೇಲ್‌ನಲ್ಲಿ ಬರೆದಿಡುವುದು ಒಳ್ಳೆಯದು. ಅಂಥ ಇಮೇಲ್‌ನಲ್ಲಿ ಕಾರಣ ವಿವರವಾಗಿಯೇ ಇರಲಿ, ಏಕೆಂದರೆ ವಿಳಂಬದ ಹೊಣೆ ಯಾರದೆಂಬುದು ಅಲ್ಲಿ ಹಣದ ಪ್ರಶ್ನೆ.

ಎಲ್ಲ ಜರ್ಮನರೂ ಒಂದೇ ಅಚ್ಚಿನವರಲ್ಲ. ಬರ್ಲಿನ್‌ನ ಸ್ಟಾರ್ಟ್‌ಅಪ್‌ನಲ್ಲಿ ಹತ್ತು ದೇಶದವರು ಇಂಗ್ಲಿಷಿನಲ್ಲಿ ಹರಟುತ್ತ ಕೆಲಸ ಮಾಡುವ ಚಾಟಿಗೂ ಶ್ವಾಬಿಯಾದ ಯಂತ್ರ ಕಾರ್ಖಾನೆಯ ಚಾಟಿಗೂ ಬಹಳ ಅಂತರವಿದೆ. ವರ್ಷಗಟ್ಟಲೆ ಜೊತೆಗೆ ದುಡಿದವರು ಮಗುವಿನ ಜ್ವರದ ಸುದ್ದಿಯನ್ನು ತಾವೇ ಕೇಳುತ್ತಾರೆ, ತಮ್ಮ ಮನೆಯದನ್ನೂ ಹೇಳುತ್ತಾರೆ. ಪರಿಚಯ ಬೆಳೆದಂತೆ ಗೆರೆ ಸಡಿಲವಾಗುತ್ತದೆ. ಆದರೆ ಅಂಥ ಮಾತಿಗೆ ಜಾಗ ಮೀಟಿಂಗಿನ ಮೊದಲ ಎರಡು ನಿಮಿಷ ಅಥವಾ ಕ್ಯಾಂಟೀನು. ತಡವಾದ ಉತ್ತರದ ಮುನ್ನುಡಿಯಲ್ಲಿ ಅಲ್ಲ. ಇನ್ನೊಂದು ಒಣ ಸಂಗತಿಯೂ ಇದೆ. ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು 6 ವರ್ಷ ಕಾದಿಡಬೇಕೆಂದು ಜರ್ಮನಿಯ ವಾಣಿಜ್ಯ ಸಂಹಿತೆ ವ್ಯಾಪಾರಿಗಳಿಗೆ ಹೇಳುತ್ತದೆ. ಒಪ್ಪಂದದ ಮಾತು ಚಾಟಿನಲ್ಲಿ ನಡೆದಿದ್ದರೆ ಆ ಸಂದೇಶಕ್ಕೂ ಇದೇ ನಿಯಮ. ಅದರ ಜೊತೆ ಬರೆದ ಜ್ವರ, ನೆಂಟರು, ಕೈಕೊಟ್ಟ ಲ್ಯಾಪ್‌ಟಾಪ್ ಎಲ್ಲವೂ ಅಷ್ಟೂ ವರ್ಷ ಗ್ರಾಹಕರ ಕಡತದಲ್ಲಿ ಉಳಿಯುತ್ತವೆ.